8880 ಬರುವ ಮೂಲೆ ಯಾಕೆ ಉತ್ತರವಲ್ಲ? ಜೀನ್ಸ್ ಘಟಕದ ಲೆಕ್ಕ, ಗ್ರಾಫ್ ವಿಧಾನ

ಎಂಬಿಎ_ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಲೀನಿಯರ್ ಪ್ರೋಗ್ರಾಮಿಂಗ್‌ನ ಒಂದು ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದೇನೆ. ಕ್ಲಾಸಿನಲ್ಲಿ ನಮ್ಮೂರಿನ ಜೀನ್ಸ್ ಘಟಕವನ್ನೇ ಉದಾಹರಣೆಯಾಗಿ ಕೊಟ್ಟಿದ್ದಾರೆ. ಅಂಕಿಗಳು ಲೆಕ್ಕಕ್ಕಾಗಿ ಮಾಡಿಕೊಂಡವು.

ಘಟಕದಲ್ಲಿ ಪ್ಯಾಂಟ್ ಮತ್ತು ಜಾಕೆಟ್ ಎರಡೇ ಮಾಲು. ಒಂದು ಪ್ಯಾಂಟ್ ಹೊಲಿಯಲು 30 ನಿಮಿಷ, ಜಾಕೆಟ್‌ಗೆ 60 ನಿಮಿಷ. ಹೊಲಿಗೆ ಮಷಿನ್ 10, ದಿನಕ್ಕೆ 8 ಗಂಟೆ ಕೆಲಸ. ಪ್ಯಾಂಟ್‌ಗೆ 1.25 ಮೀಟರ್ ಬಟ್ಟೆ, ಜಾಕೆಟ್‌ಗೆ 1.5 ಮೀಟರ್. ದಿನಕ್ಕೆ ಸಿಗುವ ಬಟ್ಟೆ 150 ಮೀಟರ್. ವ್ಯಾಪಾರಿ ದಿನಕ್ಕೆ 60ಕ್ಕಿಂತ ಹೆಚ್ಚು ಜಾಕೆಟ್ ತಗೊಳ್ಳೋದಿಲ್ಲ. ಪ್ಯಾಂಟ್‌ಗೆ 60 ರೂಪಾಯಿ ಲಾಭ, ಜಾಕೆಟ್‌ಗೆ 100 ರೂಪಾಯಿ. ದಿನದ ಲಾಭ ಅತಿ ಹೆಚ್ಚಾಗಲು ಯಾವುದನ್ನು ಎಷ್ಟು ಮಾಡಬೇಕು ಅನ್ನೋದು ಪ್ರಶ್ನೆ.

ಗೆರೆಗಳನ್ನು ಎಳೆದೆ. ಎಲ್ಲೆಲ್ಲಿ ಕೂಡುತ್ತವೆ ಅಂತ ಸಮೀಕರಣ ಬಿಡಿಸಿ ಪಟ್ಟಿ ಮಾಡಿದೆ. 48 ಪ್ಯಾಂಟ್, 60 ಜಾಕೆಟ್ ಮಾಡಿದರೆ 8880 ರೂಪಾಯಿ ಬರುತ್ತೆ. ಆದರೆ ಕೊಟ್ಟಿರುವ ಉತ್ತರ 8600. ನನ್ನ ಉತ್ತರವೇ ಹೆಚ್ಚಿದೆಯಲ್ಲ, ಅದು ಹೇಗೆ ತಪ್ಪಾಗುತ್ತೆ?

ಕೋಟೆ_ಕೆಳಗೆ

ಎರಡು ಗೆರೆ ಒಂದನ್ನೊಂದು ಕತ್ತರಿಸುವ ಜಾಗವೇ ಉತ್ತರ ಗುರು. ಹೊಲಿಗೆ ಗೆರೆ, ಬಟ್ಟೆ ಗೆರೆ ಎರಡನ್ನು ಬಿಡಿಸು, 60 ಮತ್ತು 50 ಬರುತ್ತೆ. ಲಾಭ 8600. ನಾನು ಯಾವಾಗಲೂ ಹೀಗೇ ಮಾಡೋದು, ಮೂಲೆಗಳನ್ನೆಲ್ಲ ನೋಡುತ್ತಾ ಕೂರೋದಿಲ್ಲ. ನೀನು ಬಟ್ಟೆ ಗೆರೆಯನ್ನು 60ರ ಗೆರೆ ಜೊತೆ ಬಿಡಿಸಿದ್ದೀಯ, ಅದಕ್ಕೇ ತಪ್ಪಾಗಿದೆ.

ಎಂಬಿಎ_ಬಳ್ಳಾರಿ

ಆದರೆ ಅವೂ ಎರಡು ಗೆರೆ ಕತ್ತರಿಸುವ ಜಾಗವೇ ಅಲ್ವಾ? ಯಾವ ಎರಡನ್ನು ಬಿಡಿಸಬೇಕು ಅಂತ ಮೊದಲೇ ಹೇಗೆ ಗೊತ್ತಾಗುತ್ತೆ?

ಗೆರೆ_ಮತ್ತು_ಮೂಲೆ

ಸರಿಯಾದ ಪ್ರಶ್ನೆ ಕೇಳಿದ್ದೀರಿ. ಮೊದಲು ನಿಮ್ಮ ಬಿಂದುವನ್ನು ಘಟಕದೊಳಗೆ ತಗೊಂಡು ಹೋಗಿ ನೋಡೋಣ, ಗ್ರಾಫ್ ಆಮೇಲೆ.

48 ಪ್ಯಾಂಟ್, 60 ಜಾಕೆಟ್. ಬಟ್ಟೆ ಎಷ್ಟು ಬೇಕು? ಪ್ಯಾಂಟ್‌ಗಳಿಗೆ 60 ಮೀಟರ್, ಜಾಕೆಟ್‌ಗಳಿಗೆ 90 ಮೀಟರ್, ಒಟ್ಟು 150. ಬಟ್ಟೆ ಸಾಕಾಯಿತು. ಜಾಕೆಟ್ 60, ಅದೂ ಸರಿ. ಇನ್ನು ಹೊಲಿಗೆ: ಪ್ಯಾಂಟ್‌ಗಳಿಗೆ 1440 ನಿಮಿಷ, ಜಾಕೆಟ್‌ಗಳಿಗೆ 3600 ನಿಮಿಷ, ಒಟ್ಟು 5040. ಹತ್ತು ಮಷಿನ್ ಎಂಟು ಗಂಟೆ ಓಡಿದರೆ ಸಿಗುವುದು 4800 ನಿಮಿಷ. 240 ನಿಮಿಷ, ಅಂದರೆ 4 ಗಂಟೆ ಕಡಿಮೆ ಬಿತ್ತು. ಹೊಲಿಯಲಾಗದ ಜಾಕೆಟ್‌ನ ಲಾಭವನ್ನು ಪಟ್ಟಿಯಲ್ಲಿ ಸೇರಿಸಿದ್ದೀರಿ, ಅಷ್ಟೇ ತಪ್ಪು. ಆ 4 ಗಂಟೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದು ಮತ್ತೆ ಬರುತ್ತದೆ.

ಈಗ ಗ್ರಾಫ್. x ಅಂದರೆ ದಿನದ ಪ್ಯಾಂಟ್, y ಅಂದರೆ ದಿನದ ಜಾಕೆಟ್. ಇದನ್ನು ಹಾಳೆಯ ಮೇಲೆ ಪೂರ್ತಿ ವಾಕ್ಯದಲ್ಲೇ ಬರೆಯಿರಿ. “x ಎಂದರೆ ಪ್ಯಾಂಟ್” ಅಂತ ಮಾತ್ರ ಬರೆದವರು ಅರ್ಧ ದಾರಿಯಲ್ಲಿ ಅದು ಸಂಖ್ಯೆಯೋ, ಮೀಟರೋ, ಗಂಟೆಯೋ ಅಂತ ಮರೆಯುತ್ತಾರೆ.

ಹೊಲಿಗೆ: 30x + 60y ≤ 4800
ಬಟ್ಟೆ: 1.25x + 1.5y ≤ 150
ಜಾಕೆಟ್ ಬೇಡಿಕೆ: y ≤ 60
ಜೊತೆಗೆ x ≥ 0, y ≥ 0

ಹೊಲಿಗೆಯಲ್ಲಿ ಬಲಗಡೆ 80 ಅಂತ ಬರೆಯುವವರು ತುಂಬ ಜನ. ಎಡಗಡೆ ನಿಮಿಷ, ಬಲಗಡೆ ಗಂಟೆ. ಹಾಗೆ ಮಾಡಿದರೆ ಗೆರೆ x ಅಕ್ಷವನ್ನು 2.67ರಲ್ಲಿ ಮುಟ್ಟುತ್ತದೆ. ಹತ್ತು ಮಷಿನ್ ದಿನವಿಡೀ ಓಡಿ ಮೂರು ಪ್ಯಾಂಟ್ ಕೂಡ ಬರಲಿಲ್ಲ ಅಂದರೆ ಅಲ್ಲೇ ನಿಂತು ಅಳತೆಯ ಮಾನ ನೋಡಿ.

ಹೊಲಿಗೆ ಗೆರೆ ಎಳೆಯಲು: ಬರೀ ಪ್ಯಾಂಟ್ ಹೊಲಿದರೆ 160, ಬರೀ ಜಾಕೆಟ್ ಹೊಲಿದರೆ 80. ಆ ಎರಡು ಬಿಂದು ಸೇರಿಸಿ. ಬಟ್ಟೆ ಗೆರೆಗೆ: ಬರೀ ಪ್ಯಾಂಟ್ 120, ಬರೀ ಜಾಕೆಟ್ 100. ಜಾಕೆಟ್ ಬೇಡಿಕೆಗೆ 60ರಲ್ಲಿ ಅಡ್ಡ ಗೆರೆ. ಗ್ರಾಫ್ ಹಾಳೆಯನ್ನು ಅಡ್ಡಲಾಗಿ ಹಿಡಿದು 1 ಸೆಂ.ಮೀ.ಗೆ 10 ಪೀಸ್ ಅಂತ ಇಟ್ಟುಕೊಂಡರೆ ಎಲ್ಲವೂ ಹಾಳೆಯೊಳಗೆ ಕೂರುತ್ತವೆ. 20 ಪೀಸ್ ಅಂತ ಇಟ್ಟರೆ ನಿಮ್ಮ ಬಿಂದುವೂ ಸರಿಯಾದ ಬಿಂದುವೂ ಒಂದು ಸೆಂಟಿಮೀಟರ್ ಅಂತರವೂ ಇಲ್ಲದೆ ಅಂಟಿಕೊಂಡಂತೆ ಕಾಣುತ್ತವೆ, ಕಣ್ಣು ಮೋಸ ಹೋಗುತ್ತದೆ.

ಮೂರೂ ಗೆರೆಗಳ ಕೆಳಗೆ, ಅಕ್ಷಗಳ ಒಳಗೆ ಉಳಿಯುವ ಜಾಗಕ್ಕೆ ಮಾತ್ರ ತೆಳ್ಳಗೆ ಪೆನ್ಸಿಲ್ ಹಚ್ಚಿ. ಅದಕ್ಕೆ ಐದು ಮೂಲೆ: (0,0), (120,0), (60,50), (40,60), (0,60). ನಿಮ್ಮ (48,60) ಅಡ್ಡ ಗೆರೆಯ ಮೇಲೆ, ಆದರೆ ಹೊಲಿಗೆ ಗೆರೆಯ ಆಚೆ ಬಿದ್ದಿರುವುದು ಕಾಣುತ್ತದೆ. 60ರ ಅಡ್ಡ ಗೆರೆಯಲ್ಲಿ ಬಲಕ್ಕೆ ನಡೆದರೆ 40ರಲ್ಲಿ ಹೊಲಿಗೆ ತಡೆಯುತ್ತದೆ. 48ರಲ್ಲಿರುವ ಬಟ್ಟೆ ಗೆರೆಯ ತನಕ ನೀವು ತಲುಪುವುದೇ ಇಲ್ಲ.

ಲಾಭ ನೋಡಿ: (120,0)ಗೆ 7200, (60,50)ಗೆ 8600, (40,60)ಗೆ 8400, (0,60)ಗೆ 6000. ಉತ್ತರ 8600.

ಎಂಬಿಎ_ಬಳ್ಳಾರಿ

ಅರ್ಥ ಆಯ್ತು ಮೇಡಂ. ಅಂದರೆ ಗೆರೆ ಕೂಡುವ ಎಲ್ಲ ಬಿಂದುಗಳಲ್ಲ, ಬಣ್ಣ ಹಚ್ಚಿದ ಜಾಗದ ಮೂಲೆಗಳು ಮಾತ್ರ. ನನ್ನ ಪಟ್ಟಿಯಲ್ಲಿ (160,0) ಕೂಡ ಇತ್ತು, ಅದಕ್ಕೆ 9600 ಬಂದಿತ್ತು. ಅದು ಬಟ್ಟೆ ಗೆರೆಯ ಆಚೆ ಅಂತ ಗೊತ್ತಾಗಿ ತೆಗೆದುಹಾಕಿದ್ದೆ. (48,60) ಬಿಂದುವನ್ನು ಮಾತ್ರ ಹೊಲಿಗೆ ಗೆರೆಗೆ ಹಾಕಿ ನೋಡಿರಲಿಲ್ಲ.

ಗೆರೆ_ಮತ್ತು_ಮೂಲೆ

ಹೌದು, ಹೆಚ್ಚಿನವರು ಅಲ್ಲೇ ಜಾರುವುದು. ಬಿಂದುವನ್ನು ಬಿಡಿಸಲು ಬಳಸಿದ ಎರಡು ಗೆರೆಗಳಿಗೆ ಅದು ಹೇಗೂ ಹೊಂದುತ್ತದೆ, ಅದರಲ್ಲಿ ಪರೀಕ್ಷೆ ಏನೂ ಇಲ್ಲ. ಬಳಸದೆ ಬಿಟ್ಟ ಗೆರೆಗೆ ಹಾಕಿ ನೋಡಿದರೆ ಮಾತ್ರ ಅದು ನಿಜವಾದ ಮೂಲೆಯೋ ಅಲ್ಲವೋ ಗೊತ್ತಾಗುವುದು.

@ಕೋಟೆ_ಕೆಳಗೆ, ನಿಮ್ಮ ಉತ್ತರ ಸರಿ, ಕಾರಣ ಅರ್ಧ ಮಾತ್ರ ಸರಿ. ಪ್ಯಾಂಟ್ ಲಾಭವನ್ನು 60ರ ಬದಲು 90 ಮಾಡಿ, ಉಳಿದದ್ದೆಲ್ಲ ಹಾಗೇ ಇರಲಿ. (60,50)ರಲ್ಲಿ 10400 ಬರುತ್ತದೆ. (120,0)ರಲ್ಲಿ 10800. ಈಗ ಉತ್ತರ ಹೊಲಿಗೆ ಗೆರೆ, ಬಟ್ಟೆ ಗೆರೆ ಕೂಡುವಲ್ಲಿಲ್ಲ. ಬಟ್ಟೆ ಗೆರೆ x ಅಕ್ಷವನ್ನು ಮುಟ್ಟುವಲ್ಲಿದೆ.

ಕೋಟೆ_ಕೆಳಗೆ

ಓಹೋ. ಅದೂ ಒಂಥರ ಎರಡು ಗೆರೆ ಕೂಡುವ ಜಾಗವೇ ಅಂತ ವಾದ ಮಾಡಬಹುದು, y = 0 ಕೂಡ ಗೆರೆ ತಾನೆ. ಆದರೆ ಒಪ್ಪಿದೆ, ನಾನು ಹೇಳಿದ್ದು ಅದಲ್ಲ. ಹಾಗಾದರೆ ಐದೂ ಮೂಲೆಗೆ ಲಾಭ ಹಾಕಿ ನೋಡಲೇಬೇಕಾ?

ಗೆರೆ_ಮತ್ತು_ಮೂಲೆ

ಬೇಡ, ಸ್ಕೇಲ್ ಸಾಕು. ಸಮಲಾಭ ರೇಖೆ ಅನ್ನುವುದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಬಿಟ್ಟುಬಿಡುತ್ತಾರೆ. ಕೈಯಲ್ಲಿ ಮಾಡಿ ನೋಡಿದರೆ ಇಡೀ ವಿಧಾನ ಅದರಲ್ಲೇ ಇದೆ.

ದಿನಕ್ಕೆ 3000 ರೂಪಾಯಿ ಲಾಭ ಬೇಕು ಅಂದುಕೊಳ್ಳಿ. 50 ಪ್ಯಾಂಟ್ ಮಾಡಿದರೂ ಬರುತ್ತದೆ, 30 ಜಾಕೆಟ್ ಮಾಡಿದರೂ ಬರುತ್ತದೆ. ಆ ಎರಡು ಬಿಂದುಗಳನ್ನು ಚುಕ್ಕಿ ಗೆರೆಯಿಂದ ಸೇರಿಸಿ. ಆ ಗೆರೆಯ ಮೇಲೆ ಎಲ್ಲಿ ನಿಂತರೂ 3000. ಈಗ 6000ಕ್ಕೆ: 100 ಪ್ಯಾಂಟ್ ಅಥವಾ 60 ಜಾಕೆಟ್. ಇದು ಮೊದಲಿನದಕ್ಕೆ ಸಮಾನಾಂತರವಾಗಿ ಆಚೆ ಸರಿದಿದೆ. ಸ್ಕೇಲನ್ನು ಆ ಗೆರೆಗೆ ಹೊಂದಿಸಿ, ವಾಲು ಬದಲಾಗದಂತೆ ಸೆಟ್ ಸ್ಕ್ವೇರ್ ಊರಿ ಮೇಲಕ್ಕೆ ಸರಿಸುತ್ತಾ ಹೋಗಿ. ಬಣ್ಣ ಹಚ್ಚಿದ ಜಾಗವನ್ನು ಬಿಟ್ಟು ಹೋಗುವ ಮುಂಚೆ ಸ್ಕೇಲ್ ಕೊನೆಯದಾಗಿ ಮುಟ್ಟುವ ಜಾಗವೇ ಉತ್ತರ. ಇಲ್ಲಿ ಅದು (60,50).

ಅದೇ ಮೂಲೆ ಯಾಕೆ ಅನ್ನುವುದು ಮೂರು ಗೆರೆಗಳ ವಾಲಿನಲ್ಲಿದೆ. ಹೊಲಿಗೆ ಗೆರೆಯ ಮೇಲೆ ಒಂದು ಪ್ಯಾಂಟ್ ಬಿಟ್ಟರೆ ಅರ್ಧ ಜಾಕೆಟ್ ಸಿಗುತ್ತದೆ, ಅಂದರೆ 0.5. ಬಟ್ಟೆ ಗೆರೆಯ ಮೇಲೆ 1.25 ಭಾಗಿಸು 1.5, ಸುಮಾರು 0.83. ಲಾಭದಲ್ಲಿ 60 ಭಾಗಿಸು 100, ಅಂದರೆ 0.6. ಈ 0.6 ಅನ್ನುವುದು 0.5 ಮತ್ತು 0.83ರ ನಡುವೆ ಇರುವ ತನಕ ಸ್ಕೇಲ್ ಕೊನೆಗೆ ಮುಟ್ಟುವುದು ಇದೇ ಮೂಲೆ. ಜಾಕೆಟ್ ಲಾಭ 100ರಲ್ಲೇ ನಿಂತರೆ ಪ್ಯಾಂಟ್ ಲಾಭ 50ರಿಂದ ಸುಮಾರು 83ರ ತನಕ ಆಡಬಹುದು, ಮಾಡಬೇಕಾದ ಪೀಸ್‌ಗಳ ಸಂಖ್ಯೆ ಬದಲಾಗುವುದಿಲ್ಲ. ವ್ಯಾಪಾರಿ ಚೌಕಾಸಿ ಮಾಡಿ ಪ್ಯಾಂಟ್‌ಗೆ 5 ರೂಪಾಯಿ ಇಳಿಸಿದ ಅಂತ ಉತ್ಪಾದನೆಯ ಯೋಜನೆಯನ್ನೇ ಬದಲಿಸಬೇಕಾಗಿಲ್ಲ.

ಸರಿಯಾಗಿ 50ಕ್ಕೆ ಇಳಿದರೆ? ಆಗ ಸ್ಕೇಲ್ ಹೊಲಿಗೆ ಗೆರೆಯ ಮೇಲೆಯೇ ಮಲಗುತ್ತದೆ. (60,50)ರಲ್ಲೂ 8000, (40,60)ರಲ್ಲೂ 8000, ನಡುವಿನ ಎಲ್ಲ ಬಿಂದುಗಳಲ್ಲೂ 8000. ಎರಡು ಮೂಲೆಗೆ ಒಂದೇ ಲಾಭ ಬಂತು ಅಂತ ಲೆಕ್ಕ ತಪ್ಪಿತೆಂದು ಅಳಿಸಬೇಡಿ.

ಗಂಗಾವತಿ_ಮಿಲ್

ನಮ್ಮ ಕಡಿ ಅಕ್ಕಿ ಗಿರಣಿಗೆ ಇದು ಹಚ್ಚಬಹುದೇನ್ರಿ? ನಮ್ಮಲ್ಲೂ ಎರಡು ಮಾಲು ಬರ್ತಾವ, ಅಕ್ಕಿ ಮತ್ತ ತೌಡು. ಅಕ್ಕಿ x, ತೌಡು y ಅಂತ ಇಟ್ಟು ಗ್ರಾಫ್ ಹಾಕಿದೆ. ತೌಡಿಗೆ ರೇಟ್ ಛಲೋ ಐತಿ ಈಗ. ತೌಡು ಎಷ್ಟು ಮಾಡಬೇಕು, ಅಕ್ಕಿ ಎಷ್ಟು ಮಾಡಬೇಕು ಅಂತ ಇದರಾಗ ಸಿಗತೈತಿ ಅನ್ನಿಸ್ತು. ಖರೆ ಉತ್ತರ ಬರೀ ತೌಡೇ ಮಾಡ್ರಿ ಅಂತ ಬಂತು.

ಗೆರೆ_ಮತ್ತು_ಮೂಲೆ

ಅಣ್ಣಾ, ಪ್ಯಾಂಟ್ ಬಿಟ್ಟು ಜಾಕೆಟ್ ಮಾಡಬಹುದು, ಅಕ್ಕಿ ಬಿಟ್ಟು ತೌಡು ಮಾಡಲಾಗುವುದಿಲ್ಲ. ಅದೇ ಭತ್ತದಿಂದ ಎರಡೂ ಒಟ್ಟಿಗೇ ಬರುತ್ತವೆ. 100 ಕೆ.ಜಿ. ಭತ್ತ ಹಾಕಿದರೆ ಸುಮಾರು 67 ಕೆ.ಜಿ. ಅಕ್ಕಿ, ಉಳಿದದ್ದರಲ್ಲಿ ಹೊಟ್ಟು, ತೌಡು. ಆದ್ದರಿಂದ ನಿಮ್ಮ ಗ್ರಾಫ್‌ನಲ್ಲಿ ಜಾಗವೇ ಇಲ್ಲ, ಸೊನ್ನೆಯಿಂದ ಹೊರಟ ಒಂದು ಗೆರೆ ಮಾತ್ರ ಇದೆ. ಆ ಬಂಧವನ್ನು ನೀವು ಬರೆದಿಲ್ಲ, ಅದಕ್ಕೇ ಬರೀ ತೌಡು ಮಾಡಿ ಅನ್ನುವ ಉತ್ತರ ಬಂದಿದೆ.

ನಿಮ್ಮ ಕೈಯಲ್ಲಿರುವ ಆಯ್ಕೆ ಬೇರೆ. ಇಷ್ಟು ಕ್ವಿಂಟಲ್ ಭತ್ತವನ್ನು ಹಸಿ ಅಕ್ಕಿಗೆ ಕಳಿಸಬೇಕು, ಇಷ್ಟನ್ನು ಸ್ಟೀಮ್ ಅಕ್ಕಿಗೆ ಕಳಿಸಬೇಕು ಅನ್ನುವುದು. x ಮತ್ತು y ಅವೇ ಆಗಬೇಕು. ಒಂದು ಕ್ವಿಂಟಲ್ ಭತ್ತದಿಂದ ಬರುವ ಅಕ್ಕಿ, ತೌಡು, ನುಚ್ಚು ಎಲ್ಲದರ ಹಣವನ್ನೂ ಕೂಡಿಸಿ ಅದರ ಲಾಭ ಅಂತ ಹಾಕಿ. ಬಾಯ್ಲರ್, ಡ್ರೈಯರ್‌ನ ಗಂಟೆಗಳು ಸ್ಟೀಮ್‌ಗೆ ಮಾತ್ರ ಖರ್ಚಾಗುತ್ತವೆ, ಹಲ್ಲರ್‌ನ ಗಂಟೆಗಳು ಎರಡಕ್ಕೂ ಖರ್ಚಾಗುತ್ತವೆ. ಆಗ ಈ ಜೀನ್ಸ್ ಲೆಕ್ಕದ ಹಾಗೆಯೇ ಕೂರುತ್ತದೆ.

ಗಂಗಾವತಿ_ಮಿಲ್

ಹೌದ್ರಿ ಮೇಡಂ, ಡ್ರೈಯರೇ ನಮಗ ಅಡ್ಡ ಬರೋದು. ಭತ್ತದ ಲೆಕ್ಕದಾಗ ಹಚ್ಚಿ ನೋಡ್ತೀನಿ.

ಪೀಸ್‌ರೇಟ್

ಜೀನ್ಸ್ ಕೆಲಸ ಬಲ್ಲವನಾಗಿ ಒಂದು ಕೇಳ್ತೀನಿ. ಆ 60, 100 ಅಂತ ಲಾಭ ಹಾಕಿದಿರಲ್ಲ, ಅದರಲ್ಲಿ ಏನೇನು ಕಳೆದಿದ್ದೀರಿ? ಶೆಡ್ ಬಾಡಿಗೆ, ಮಷಿನ್ ಕಂತು ಎಲ್ಲಾ ಕಳೆದು ಹಾಕಿದರೆ ಒಂದು ಲೆಕ್ಕ, ಕಳೆಯದಿದ್ದರೆ ಇನ್ನೊಂದು ಲೆಕ್ಕ. ಹೊಲಿಗೆಯವರಿಗೆ ಪೀಸ್ ರೇಟ್ ಕೊಡೋದು, ಅದು ಸೇರಿದೆಯಾ?

ಗೆರೆ_ಮತ್ತು_ಮೂಲೆ

ಒಂದು ಪೀಸ್ ಹೆಚ್ಚು ಮಾಡಿದರೆ ಹೆಚ್ಚಾಗುವ ಖರ್ಚನ್ನು ಮಾತ್ರ ಕಳೆಯಬೇಕು: ಬಟ್ಟೆ, ದಾರ, ಜಿಪ್, ಗುಂಡಿ, ರಿವೆಟ್, ಹೊಲಿಗೆಯ ಪೀಸ್ ರೇಟ್, ವಾಶಿಂಗ್. ಬಾಡಿಗೆ, ಕಂತು ಪೀಸ್ ಮಾಡಿದರೂ ಮಾಡದಿದ್ದರೂ ಕಟ್ಟಲೇಬೇಕು. ಅದನ್ನು ಕೊನೆಗೆ 8600ರಿಂದ ಒಟ್ಟಿಗೇ ಕಳೆಯಿರಿ.

ಬಾಡಿಗೆಯನ್ನು ಪೀಸ್‌ಗಳಿಗೆ ಹಂಚಿದರೆ ಏನಾಗುತ್ತದೆ ನೋಡಿ. ಪ್ರತಿ ಪೀಸ್‌ಗೂ ಸಮನಾಗಿ 25 ರೂಪಾಯಿ ಹಾಕಿದಿರಿ ಅನ್ನೋಣ. ಪ್ಯಾಂಟ್ 35, ಜಾಕೆಟ್ 75. ಆ ಅನುಪಾತ 0.47. 0.5ಕ್ಕಿಂತ ಕೆಳಗೆ ಹೋಯಿತು, ಉತ್ತರ (40,60)ಕ್ಕೆ ಹಾರಿತು. ನಿಜವಾಗಿ ಅಲ್ಲಿ ಸಿಗುವುದು 8400, ದಿನಕ್ಕೆ 200 ರೂಪಾಯಿ ಕಡಿಮೆ. ಗೆರೆ ಎಳೆದದ್ದು ಸರಿ, ಸಮೀಕರಣ ಬಿಡಿಸಿದ್ದು ಸರಿ, ಆದರೂ ಉತ್ತರ ತಪ್ಪು. ಇಂಥ ತಪ್ಪು ಗ್ರಾಫ್‌ನಲ್ಲಿ ಕಾಣುವುದೇ ಇಲ್ಲ.

ರಾಯಚೂರು_ಕೋಡ್

ಕೈಯಲ್ಲಿ ಮಾಡಿದ್ದನ್ನು ತಾಳೆ ನೋಡಲು ನಾಲ್ಕು ಸಾಲು ಕೋಡ್ ಕೊಡ್ತೀನಿ. ಇದರಲ್ಲಿರುವ `linprog` ಯಾವಾಗಲೂ ಕನಿಷ್ಠವನ್ನೇ ಹುಡುಕುತ್ತೆ, ಅದಕ್ಕೆ ಲಾಭಕ್ಕೆ ಮೈನಸ್ ಹಾಕಬೇಕು. ಮೈನಸ್ ಮರೆತರೆ 0, 0 ಅಂತ ಉತ್ತರ ಬರುತ್ತೆ. ಏನೂ ಮಾಡದೆ ಕೂತರೆ ಲಾಭ ಕನಿಷ್ಠ, ಅದರ ಪ್ರಕಾರ ಅದು ಸರಿಯೇ.

```python
from scipy.optimize import linprog
r = linprog([-60, -100],
            A_ub=[[30, 60], [1.25, 1.5], [0, 1]],
            b_ub=[4800, 150, 60])
print(r.x, -r.fun)
print(r.ineqlin.marginals)
```

ಮೊದಲ ಸಾಲಿನಲ್ಲಿ 60, 50, 8600 ಬರುತ್ತೆ. ಎರಡನೇ ಸಾಲಿನಲ್ಲಿ ಸುಮಾರು -1.167, -20, 0. ಇವೇ ಶಾಡೋ ಪ್ರೈಸ್, ಅಂದರೆ ಆ ಮಿತಿ ಒಂದರಷ್ಟು ಹೆಚ್ಚಾದರೆ ಲಾಭ ಎಷ್ಟು ಹೆಚ್ಚುತ್ತೆ ಅನ್ನೋದು. ಮೈನಸ್ ತೆಗೆದು ಓದಿಕೊಳ್ಳಿ.

ಎಂಬಿಎ_ಬಳ್ಳಾರಿ

ಶಾಡೋ ಪ್ರೈಸ್ ಹೊಲಿಗೆಗೆ 70 ಅಂತ ನೋಟ್ಸ್‌ನಲ್ಲಿದೆ. ಇಲ್ಲಿ 1.167 ಬಂದಿದೆ. ಯಾವುದು ಸರಿ?

ರಾಯಚೂರು_ಕೋಡ್

ಎರಡೂ ಸರಿ. ನಾನು ಹೊಲಿಗೆಯನ್ನು ನಿಮಿಷದಲ್ಲಿ ಕೊಟ್ಟಿದ್ದೇನೆ, ಹಾಗಾಗಿ ನಿಮಿಷಕ್ಕೆ 1.167 ರೂಪಾಯಿ. 60ರಿಂದ ಗುಣಿಸಿದರೆ ಗಂಟೆಗೆ 70. ಬಟ್ಟೆ ಮೀಟರ್‌ನಲ್ಲೇ ಇದೆ, ಅದಕ್ಕೆ 20 ಹಾಗೇ ಬಂತು.

ಗೆರೆ_ಮತ್ತು_ಮೂಲೆ

ಆ 70 ಎಲ್ಲಿಂದ ಬಂತು ಅನ್ನುವುದನ್ನು ಗ್ರಾಫ್‌ನಲ್ಲೇ ನೋಡಿ, ಇಲ್ಲದಿದ್ದರೆ ಅದು ಬರೀ ಕಂಪ್ಯೂಟರ್ ಕೊಟ್ಟ ಅಂಕಿಯಾಗಿ ಉಳಿಯುತ್ತದೆ.

ಹೊಲಿಗೆಗೆ ಒಂದು ಗಂಟೆ ಹೆಚ್ಚು ಸಿಕ್ಕಿತು, 80ರ ಬದಲು 81. ಹೊಲಿಗೆ ಗೆರೆ ಸ್ವಲ್ಪ ಆಚೆ ಸರಿಯಿತು. ಬಟ್ಟೆ ಗೆರೆ ಇದ್ದಲ್ಲೇ ಇದೆ. ಮೂಲೆ ಬಟ್ಟೆ ಗೆರೆಯ ಮೇಲೆಯೇ ಜಾರಿ 57 ಪ್ಯಾಂಟ್, 52.5 ಜಾಕೆಟ್‌ಗೆ ಬಂತು. ಜಾಕೆಟ್ 2.5 ಹೆಚ್ಚಾಯಿತು, ಪ್ಯಾಂಟ್ 3 ಕಡಿಮೆಯಾಯಿತು. 250 ಬಂತು, 180 ಹೋಯಿತು, ಉಳಿದದ್ದು 70. ಒಂದು ಗಂಟೆಯಲ್ಲಿ ಒಂದು ಜಾಕೆಟ್ ಹೊಲಿಯಬಹುದು, ಹಾಗಾಗಿ ಗಂಟೆಯ ಬೆಲೆ 100 ಅಂತ ಬರೆಯುವವರಿದ್ದಾರೆ. ಆ ಜಾಕೆಟ್‌ಗೆ ಬಟ್ಟೆ ಎಲ್ಲಿಂದ ಬರಬೇಕು? ಪ್ಯಾಂಟ್‌ನಿಂದಲೇ ಕಿತ್ತುಕೊಳ್ಳಬೇಕು.

ಬಟ್ಟೆ ಒಂದು ಮೀಟರ್ ಹೆಚ್ಚಾದರೆ 2 ಪ್ಯಾಂಟ್ ಹೆಚ್ಚು, 1 ಜಾಕೆಟ್ ಕಡಿಮೆ. 120ರಲ್ಲಿ 100 ಹೋಗಿ 20. ಬಟ್ಟೆ ಹೆಚ್ಚಾದರೆ ಜಾಕೆಟ್ ಕಡಿಮೆಯಾಗುವುದು ವಿಚಿತ್ರ ಅನ್ನಿಸುತ್ತದೆ, ಆದರೆ ಮಷಿನ್ ಸಮಯ ಬಿಗಿಯಾಗಿರುವಾಗ ಹೊಸ ಬಟ್ಟೆ ಹೊಲಿಯಲು ಸಮಯ ಜಾಕೆಟ್‌ನಿಂದಲೇ ಬರಬೇಕು.

ಜಾಕೆಟ್ ಬೇಡಿಕೆಗೆ ಸೊನ್ನೆ. ವ್ಯಾಪಾರಿ 60ರ ಬದಲು 70 ತಗೊಳ್ತೀನಿ ಅಂದರೂ ನಮಗೆ ಏನೂ ಸಿಗುವುದಿಲ್ಲ, ನಾವು ಮಾಡುತ್ತಿರುವುದೇ 50.

ಪೀಸ್‌ರೇಟ್

ಹಾಗಾದರೆ ಓವರ್‌ಟೈಮ್ ಗಂಟೆಗೆ 70 ರೂಪಾಯಿಗಿಂತ ಕಡಿಮೆ ಬಿದ್ದರೆ ಮಾತ್ರ ಮಾಡಿಸಬೇಕಾ? ಆ ದುಡ್ಡಿಗೆ ಯಾರು ಕೂತು ಹೊಲಿತಾರೆ? ಹಬ್ಬದ ಸೀಸನ್‌ನಲ್ಲಿ ಅಂತೂ ಆಗೋ ಮಾತೇ ಅಲ್ಲ.

ಗೆರೆ_ಮತ್ತು_ಮೂಲೆ

ಮಾಮೂಲಿ ಪೀಸ್ ರೇಟ್ ಆಗಲೇ 60, 100ರಲ್ಲಿ ಕಳೆದಾಗಿದೆ. ಆದ್ದರಿಂದ 70 ಅನ್ನುವುದು ಮಾಮೂಲಿ ಕೂಲಿಯ ಮೇಲೆ ಕೊಡಬಹುದಾದ ಹೆಚ್ಚುವರಿ, ಪೂರ್ತಿ ಕೂಲಿಯಲ್ಲ. ಬಟ್ಟೆಯ 20 ಕೂಡ ಹಾಗೆಯೇ, ಮೀಟರ್‌ನ ಮಾಮೂಲಿ ದರದ ಮೇಲೆ 20. ಅದೇ ಹೊಲಿಗೆಯವರಿಗೆ ತಿಂಗಳ ಸಂಬಳ ಇದ್ದು, ಪೀಸ್‌ನಲ್ಲಿ ಕಳೆಯದೆ ಇದ್ದಿದ್ದರೆ, ಪೀಸ್ ಲಾಭವೇ ಬೇರೆಯಾಗಿ ಈ ಅಂಕಿಗಳೆಲ್ಲ ಬದಲಾಗುತ್ತಿದ್ದವು.

ಇನ್ನೊಂದು, 70 ಎಲ್ಲಿಯ ತನಕ ನಡೆಯುತ್ತದೆ? ಹೊಲಿಗೆ ಗೆರೆ ಸರಿಯುತ್ತಾ ಹೋದಂತೆ ಮೂಲೆ ಬಟ್ಟೆ ಗೆರೆಯ ಮೇಲೆ ಹತ್ತುತ್ತಾ ಹೋಗಿ 60ರ ಅಡ್ಡ ಗೆರೆಗೆ ತಾಗುತ್ತದೆ. ಅದು 84 ಗಂಟೆಯಲ್ಲಿ. ಆ ಬಿಂದು ಯಾವುದು ಗೊತ್ತೇ? 48 ಪ್ಯಾಂಟ್, 60 ಜಾಕೆಟ್. @ಎಂಬಿಎ_ಬಳ್ಳಾರಿ, ನಿಮ್ಮ 8880 ಅದೇ. 4 ಗಂಟೆ, ಗಂಟೆಗೆ 70, ಒಟ್ಟು 280, 8600ಕ್ಕೆ ಕೂಡಿಸಿ. ನೀವು ಬರೆದದ್ದು 84 ಗಂಟೆಯ ಘಟಕದ ಉತ್ತರ. 84 ದಾಟಿದ ಮೇಲೆ ಇನ್ನೊಂದು ಗಂಟೆಗೆ ಒಂದು ರೂಪಾಯಿಯೂ ಬೆಲೆಯಿಲ್ಲ, ಮಷಿನ್ ಸುಮ್ಮನೆ ನಿಲ್ಲುತ್ತದೆ. ಕೆಳಗಡೆ 60 ಗಂಟೆಯ ತನಕ ಇದೇ 70 ನಡೆಯುತ್ತದೆ.

ಎಂಬಿಎ_ಬಳ್ಳಾರಿ

ಈಗ ಪೂರ್ತಿ ಕೂಡಿಕೊಂಡಿತು! ಆದರೆ 81 ಗಂಟೆಯಲ್ಲಿ 52.5 ಜಾಕೆಟ್ ಅಂದಿರಿ. ಅರ್ಧ ಜಾಕೆಟ್‌ಗೆ ಏನು ಮಾಡೋದು, 52 ಅಂತ ಇಳಿಸಿದರೆ ಸಾಕಾ?

ಕೋಟೆ_ಕೆಳಗೆ

ಇಳಿಸಿದರೆ ಯಾವಾಗಲೂ ಸೇಫ್.

ರಾಯಚೂರು_ಕೋಡ್

ಯಾವಾಗಲೂ ಅಲ್ಲ, ಆದರೆ ಈ ಲೆಕ್ಕದಲ್ಲಿ ಸೇಫ್ ಹೌದು, ಎಲ್ಲ ನಿರ್ಬಂಧವೂ ಕೂಡ್ರುತ್ತೆ, ಆದರೆ ಅದೇ ಅತ್ಯುತ್ತಮ ಅಂತ ಅಲ್ಲ. 57 ಮತ್ತು 52 ಆದರೆ 8620. ಬದಲಿಗೆ 56 ಪ್ಯಾಂಟ್, 53 ಜಾಕೆಟ್ ಹಾಕಿ ನೋಡಿ: ಹೊಲಿಗೆ ಸರಿಯಾಗಿ 81 ಗಂಟೆ, ಬಟ್ಟೆ 149.5 ಮೀಟರ್, ಲಾಭ 8660. 57 ಮತ್ತು 53 ಮಾತ್ರ ಆಗಲ್ಲ, ಹೊಲಿಗೆ ಅರ್ಧ ಗಂಟೆ ಮೀರುತ್ತೆ. ಪೂರ್ಣಾಂಕವೇ ಬೇಕು ಅಂದರೆ `linprog`ಗೆ `integrality=[1, 1]` ಅಂತ ಸೇರಿಸಿ.

ಗೆರೆ_ಮತ್ತು_ಮೂಲೆ

ಜಾಕೆಟ್ ವಿಷಯದಲ್ಲಿ ನಾನು 52.5 ಅಂತಲೇ ಬಿಡುತ್ತೇನೆ. ದಿನದ ಸರಾಸರಿ ಅದು, ಎರಡು ದಿನಕ್ಕೆ 105. ಅರ್ಧ ಹೊಲಿದದ್ದು ಮಷಿನ್ ಮೇಲೆ ಉಳಿದು ಮಾರನೇ ದಿನ ಮುಗಿಯುತ್ತದೆ. ದಿನದ ಕೊನೆಗೆ ಎಲ್ಲ ಖಾಲಿಯಾಗಲೇಬೇಕು ಅನ್ನುವ ಕೆಲಸಕ್ಕೆ @ರಾಯಚೂರು_ಕೋಡ್ ಹೇಳಿದ ದಾರಿ.

ರಾಯಚೂರು_ಕೋಡ್

ಪರೀಕ್ಷೆಯಲ್ಲಿ 52.5 ಬರೆದರೆ ಕೆಲವರು ಅಂಕ ಕಡಿಯುತ್ತಾರೆ ಮೇಡಂ. ಪ್ರಶ್ನೆಯಲ್ಲಿ “ಪೂರ್ಣ ಸಂಖ್ಯೆ” ಅಂತ ಇದೆಯೋ ಇಲ್ಲವೋ ನೋಡಿಯೇ ಬರೆಯಬೇಕು. ಇದರಲ್ಲಿ ನನ್ನ ಅಭಿಪ್ರಾಯ ಬೇರೆ.

ಪೀಸ್‌ರೇಟ್

ನಿಮ್ಮ ಗೆರೆಗಳಲ್ಲಿ ಒಂದು ವಿಷಯ ಎಲ್ಲೂ ಇಲ್ಲ. ಪ್ಯಾಂಟ್ ಹೊಲಿಯುತ್ತಿದ್ದ ಲೈನನ್ನು ಜಾಕೆಟ್‌ಗೆ ತಿರುಗಿಸಲು ಸಮಯ ಬೇಕು. ದಾರ ಬದಲಿಸಬೇಕು, ಫೋಲ್ಡರ್ ಬದಲಿಸಬೇಕು, ಮೊದಲ ಒಂದೆರಡು ಪೀಸ್ ಬಿಚ್ಚಿ ಹೊಲಿಯಬೇಕು. ಮಷಿನ್‌ಗೆ 40 ನಿಮಿಷ ಅಂತ ಇಟ್ಟುಕೊಳ್ಳಿ. ಹತ್ತು ಮಷಿನ್‌ಗೆ 400 ನಿಮಿಷ ಹೋಯ್ತು. ದಿನಾ 60 ಪ್ಯಾಂಟ್, 50 ಜಾಕೆಟ್ ಅನ್ನೋದು ಕಾಗದದ ಮೇಲೆ ಚೆನ್ನಾಗಿದೆ.

ಗೆರೆ_ಮತ್ತು_ಮೂಲೆ

ಇದು ನಿಜವಾದ ಮಿತಿ, ಒಪ್ಪುತ್ತೇನೆ. ಒಂದು ಪ್ಯಾಂಟ್‌ಗೆ 30 ನಿಮಿಷ ಆದರೆ ಹತ್ತಕ್ಕೆ 300, ನೂರಕ್ಕೆ 3000 ಅನ್ನುವುದರ ಮೇಲೆ ಇಡೀ ವಿಧಾನ ನಿಂತಿದೆ. ನೀವು ಹೇಳಿದ 40 ನಿಮಿಷ ಒಂದು ಜಾಕೆಟ್ ಮಾಡಿದರೂ ಹೋಗುತ್ತದೆ, ಐವತ್ತು ಮಾಡಿದರೂ ಹೋಗುತ್ತದೆ. ಅದನ್ನು x ಅಥವಾ yಗೆ ಗುಣಿಸಿ ಬರೆಯಲಾಗದು, ಸರಳ ಗೆರೆಯಲ್ಲಿ ಹಿಡಿಯಲೂ ಆಗದು.

ಆದರೆ ಅದರ ನಷ್ಟ ಎಷ್ಟು ಅಂತ ಇದೇ ಲೆಕ್ಕ ಹೇಳುತ್ತದೆ. 400 ನಿಮಿಷ ಅಂದರೆ 6 ಗಂಟೆ 40 ನಿಮಿಷ. ಗಂಟೆಗೆ 70ರಂತೆ ಸುಮಾರು 467 ರೂಪಾಯಿ. ಉಳಿದ ಹೊಲಿಗೆ 73 ಗಂಟೆ ಚಿಲ್ಲರೆ, 60ಕ್ಕಿಂತ ಮೇಲೆಯೇ ಇದೆ, ಹಾಗಾಗಿ 70 ನಡೆಯುತ್ತದೆ. ದಿನಕ್ಕೊಮ್ಮೆ ಲೈನ್ ತಿರುಗಿಸಿದರೆ 8600ರ ಬದಲು ಸುಮಾರು 8133. ಆದರೂ ಬರೀ ಪ್ಯಾಂಟ್ ಮಾಡಿದಾಗ ಸಿಗುವ 7200ಕ್ಕಿಂತ ಇದೇ ಮೇಲು. ಆರು ದಿನದ ವಾರದಲ್ಲಿ ಒಂದೇ ಸಲ ತಿರುಗಿಸಿ, ಮೊದಲು ಪ್ಯಾಂಟ್ ಎಲ್ಲ, ಆಮೇಲೆ ಜಾಕೆಟ್ ಎಲ್ಲ ಹೊಲಿದರೆ ನಷ್ಟ ದಿನಕ್ಕೆ 78 ರೂಪಾಯಿಗೆ ಇಳಿಯುತ್ತದೆ. ಮುಂದಿನ ವಾರ ಜಾಕೆಟ್‌ನಿಂದಲೇ ಶುರುಮಾಡಿದರೆ ಮತ್ತೆ ತಿರುಗಿಸುವ ಕೆಲಸವಿಲ್ಲ. ಇದಕ್ಕೆ ಬಟ್ಟೆಯನ್ನು ಒಂದು ದಿನದಿಂದ ಇನ್ನೊಂದು ದಿನಕ್ಕೆ ಉಳಿಸಿಟ್ಟುಕೊಳ್ಳಲು ಆಗಬೇಕು. ಜಾಕೆಟ್ ಸಾಲಾಗಿ ಹೊಲಿಯುವ ದಿನಗಳಲ್ಲಿ ಬಟ್ಟೆ ಮಿಗುತ್ತದೆ, ಪ್ಯಾಂಟ್ ದಿನಗಳಲ್ಲಿ 150 ಮೀಟರ್ ಸಾಲುವುದಿಲ್ಲ.

ಪೀಸ್‌ರೇಟ್

ಥಾನು ಉಳಿಸಿಡೋದು ಕಷ್ಟ ಇಲ್ಲ. ಕಷ್ಟ ಇರೋದು ಆ 60ರಲ್ಲಿ. ವಾರಕ್ಕೆ 360 ಜಾಕೆಟ್ ತಗೊಳ್ತಾನೋ, ದಿನಕ್ಕೆ 60 ಮಾತ್ರ ತಗೊಳ್ತಾನೋ? ಸಾಲಾಗಿ ಜಾಕೆಟ್ ಹೊಲಿದರೆ ದಿನಕ್ಕೆ 80 ಬರುತ್ತೆ. ದಿನದ ಲೆಕ್ಕದಲ್ಲೇ ತಗೊಳ್ಳೋ ವ್ಯಾಪಾರಿ ಆದರೆ ಉಳಿದ 20 ನಮ್ಮ ಶೆಡ್‌ನಲ್ಲೇ ಬಿದ್ದಿರುತ್ತೆ, ದುಡ್ಡೂ ತಡವಾಗುತ್ತೆ.

ಗೆರೆ_ಮತ್ತು_ಮೂಲೆ

ಅದು ಪ್ರಶ್ನೆಯಲ್ಲಿ ಬರೆದಿಲ್ಲ. “ದಿನಕ್ಕೆ 60” ಅಂತಷ್ಟೇ ಇದೆ. ವಾರದ ಸರಾಸರಿ ಅಂತ ಓದಿದರೆ ನಾನು ಹೇಳಿದ್ದು ನಡೆಯುತ್ತದೆ, ಪ್ರತಿದಿನದ ಮಿತಿ ಅಂತ ಓದಿದರೆ ಪ್ರತಿದಿನಕ್ಕೂ ಬೇರೆ x, y ಇಟ್ಟು, ಉಳಿದ ದಾಸ್ತಾನಿಗೂ ಒಂದು ಅಕ್ಷರ ಇಟ್ಟು ಬರೆಯಬೇಕು. ಅದು ಎರಡೇ ಅಕ್ಷದ ಗ್ರಾಫ್ ಹಾಳೆಯಲ್ಲಿ ಹಿಡಿಯುವುದಿಲ್ಲ.

ಎಂಬಿಎ_ಬಳ್ಳಾರಿ

ಆ ಲೆಕ್ಕವನ್ನು ಎರಡು ದಿನಕ್ಕೆ ಮಾತ್ರ ಬರೆದು, @ರಾಯಚೂರು_ಕೋಡ್ ಕೊಟ್ಟ ಕೋಡ್‌ನಲ್ಲೇ ಓಡಿಸಿ ನೋಡ್ತೀನಿ. ಲೈನ್ ತಿರುಗಿಸುವ 400 ನಿಮಿಷವನ್ನು ಎಲ್ಲಿ ಹಾಕಬೇಕು ಅಂತ ಮಾತ್ರ ಇನ್ನೂ ಹೊಳೆದಿಲ್ಲ.

ರಾಯಚೂರು_ಕೋಡ್

ಅದಕ್ಕೆ 0 ಅಥವಾ 1 ಆಗುವ ಇನ್ನೊಂದು ಅಕ್ಷರ ಬೇಕು, ಆ ದಿನ ಲೈನ್ ತಿರುಗಿಸಿದರೆ 1. ಹೊಲಿಗೆ ಸಾಲಿನ ಎಡಗಡೆ ಅದಕ್ಕೆ 400 ಗುಣಿಸಿ ಸೇರಿಸು. ಅದು 0 ಆದ ದಿನ ಎರಡೂ ಮಾಲು ಬರದಂತೆ ತಡೆಯುವ ನಿರ್ಬಂಧವನ್ನೂ ಬರೆ, ಇಲ್ಲದಿದ್ದರೆ ಕಂಪ್ಯೂಟರ್ ಅದನ್ನು ಯಾವಾಗಲೂ 0 ಮಾಡಿಬಿಡುತ್ತೆ. ಬರೆದದ್ದನ್ನು ಇಲ್ಲೇ ಹಾಕು, ನೋಡೋಣ.